ಅರಗಿನ ಆಟಿಕೆಗೆ ಬಿಸಿನೀರು, ಸ್ಯಾನಿಟೈಸರ್ ಬೇಡ

"ಮಗು ಚನ್ನಪಟ್ಟಣದ ಗಿಲಕಿಯನ್ನು ಸದಾ ಬಾಯಿಗೆ ಹಾಕುತ್ತೆ. ಬಾಟಲಿ ಜೊತೆ ಅದನ್ನೂ ಕುದಿಸಬಹುದಾ? ಇಲ್ಲ, ಸ್ಯಾನಿಟೈಸರ್‌ನಲ್ಲಿ ಒರೆಸಲಾ?"

ಎರಡೂ ಬೇಡ. ಆ ಗಿಲಕಿಯ ಹೊಳಪು ಅರಗಿನದು. ಮರ ಕಡೆಯುವ ಯಂತ್ರದಲ್ಲಿ ಗಿಲಕಿ ತಿರುಗುವಾಗ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೇ ಅದು ಕರಗಿ ಮರಕ್ಕೆ ಅಂಟುತ್ತದೆ. ಹಾಗಾಗಿ ಕುದಿಯುವ ನೀರಿಗೆ ಅದು ಮತ್ತೆ ಮೆತ್ತಗಾಗುತ್ತದೆ. ಸ್ಯಾನಿಟೈಸರ್‌ನ ಆಲ್ಕೋಹಾಲ್ ಅಂತೂ ಅರಗನ್ನೇ ಕರಗಿಸುತ್ತದೆ. ಅಡುಗೆ ಸೋಡಾ ನೀರಿನಲ್ಲಿ ನೆನೆಸುವುದೂ ಇದಕ್ಕೆ ಒಳ್ಳೆಯದಲ್ಲ.

ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಸಾಕು. ಹತ್ತಿಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ಜೊಲ್ಲು ಒಣಗಿ ಕೂರುವ ಸಂದುಗಳಲ್ಲಿ ಸ್ವಲ್ಪ ಜಾಸ್ತಿ ಉಜ್ಜಿ. ಆಮೇಲೆ ಬರೀ ನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ, ಒಣಬಟ್ಟೆಯಲ್ಲಿ ತೇವ ತೆಗೆದು, ರಾತ್ರಿಯಿಡೀ ಗಾಳಿಗೆ ಬಿಡಿ. ನೆನೆಸಿದರೆ ಮರ ಉಬ್ಬಿ ಬಿರುಕು ಬಿಡುತ್ತದೆ. ಆ ಬಿರುಕಲ್ಲೇ ಕೊಳೆ ಸೇರುವುದು.

ಇದರಿಂದ ಎಲ್ಲಾ ರೋಗಾಣು ಸಾಯುವುದಿಲ್ಲ, ಆದರೆ ಬಹುಪಾಲು ಕೊಳೆ ಜೊತೆ ಹೊರಟುಹೋಗುತ್ತವೆ. ದಿನದ ಬಳಕೆಗೆ ಅಷ್ಟು ಸಾಕು. ಮಗುವಿಗೆ ವಾಂತಿಭೇದಿ ಇದ್ದಾಗ ಮಾತ್ರ ಮರದ ಆಟಿಕೆ ಎತ್ತಿಟ್ಟುಬಿಡಿ, ಕುದಿಸಬಹುದಾದ ಪ್ಲಾಸ್ಟಿಕ್ಕಿನದು ಕೊಡಿ. ಬಟ್ಟೆ ಗೊಂಬೆಯನ್ನು ಅದರ ಲೇಬಲ್ ನೋಡಿ ಮೆಷಿನ್‌ಗೆ ಹಾಕಬಹುದು.

ಗಿಲಕಿ ಅಂಟಂಟಾದರೆ, ಅರಗು ಚಕ್ಕೆ ಎದ್ದರೆ, ಒದ್ದೆ ಬಟ್ಟೆಗೆ ಬಣ್ಣ ಹತ್ತಿದರೆ ಮತ್ತೆ ಮಗುವಿನ ಕೈಗೆ ಕೊಡಲೇಬೇಡಿ.