ಸೂರ್ಯ ಅಲ್ಲ, ಸೂರ್ಯನ ಸಾರಥಿ

ನನ್ನ ಹೆಸರು ಅರುಣ್. ತುಂಬಾ ವರ್ಷ ನನ್ನ ಪರಿಚಯ ಹೀಗೇ ಶುರುವಾಗುತ್ತಿತ್ತು: "ಅರುಣ್ ಅಂದರೆ ಸೂರ್ಯ. ಹೋದಲ್ಲೆಲ್ಲ ಬೆಳಕು ತರುವವನು." ಒಂದು ತರಬೇತಿಯಲ್ಲಿ ಇದನ್ನೇ ಹೇಳಿ ಗತ್ತಿನಿಂದ ಕೂತೆ. ಮಧ್ಯಾಹ್ನ ಪಕ್ಕದವರು, "ರವಿ, ಆ ಪೆನ್ ಸ್ವಲ್ಪ ಕೊಡ್ತೀರಾ?" ಅಂದರು. ಅವರಿಗೆ ಸೂರ್ಯ ನೆನಪಿದ್ದ, ನಾನಿರಲಿಲ್ಲ.

ಹೆಸರು ಮರೆಯುವುದು ಸಹಜ. 1987ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನರಿಗೆ ಅಪರಿಚಿತ ಮುಖಗಳನ್ನು ತೋರಿಸಿದ್ದರು. 'ಬೇಕರ್' ಅನ್ನುವ ಒಂದೇ ಪದ ಉದ್ಯೋಗವಾಗಿ ಬಂದಾಗ ಚೆನ್ನಾಗಿ ನೆನಪಿನಲ್ಲಿ ಉಳಿಯಿತು, ಹೆಸರಾಗಿ ಬಂದಾಗ ಅಷ್ಟು ಉಳಿಯಲಿಲ್ಲ. ಉದ್ಯೋಗ ಅಂದರೆ ಕಣ್ಣಮುಂದೆ ಒಂದು ಚಿತ್ರ ಬರುತ್ತದೆ. ಹೆಸರು ಸುಮ್ನೆ ಒಂದು ಸದ್ದು. ಹೆಸರಿನ ಅರ್ಥ ಹೇಳುವುದು ಆ ಚಿತ್ರ ಕೊಡುವುದಕ್ಕೆ, ನಮ್ಮನ್ನು ನಾವೇ ಹೊಗಳಿಕೊಳ್ಳುವುದಕ್ಕಲ್ಲ.

ನಾನು ಕೊಟ್ಟ ಚಿತ್ರವೇ ತಪ್ಪಾಗಿತ್ತು. ನಿಘಂಟು ತೆಗೆದು ನೋಡಿದೆ. ಅರುಣ ಅಂದರೆ ಕೆಂಪು, ಮುಂಜಾನೆಯ ಕೆಂಪು, ಸೂರ್ಯನ ಸಾರಥಿ. ಸೂರ್ಯ ಅನ್ನುವ ಅರ್ಥವೂ ಇದೆ. ಆದರೆ ಅದು ರವಿ, ಭಾನು, ಭಾಸ್ಕರ, ದಿನಕರ ಎಲ್ಲರದ್ದೂ ಹೌದಲ್ವಾ? ಸಾರಥಿ ಮಾತ್ರ ನನ್ನೊಬ್ಬನ ಪಾಲಿಗೆ ಬಂದವನು. ನಿಮ್ಮ ಹೆಸರಿಗೂ ಹೀಗೇ ನೋಡಿ: ಆ ಅರ್ಥ ಬೇರೆ ನಾಲ್ಕು ಹೆಸರಿಗೆ ಹೊಂದಿದರೆ ಅದನ್ನು ಬಿಟ್ಟು ಇನ್ನೊಂದನ್ನು ಹುಡುಕಿ.

ಈಗ ನಾನು ಹೇಳುವುದು ಇಷ್ಟು: "ನಮಸ್ಕಾರ, ನಾನು ಅರುಣ್. ಅರುಣ ಸೂರ್ಯನ ಸಾರಥಿ, ಸೂರ್ಯನಿಗಿಂತ ಮೊದಲು ಬರುವವನು. ನಾನು ಸಾಫ್ಟ್‌ವೇರ್ ಟೆಸ್ಟರ್. ಆಪ್ ನಿಮ್ಮ ಕೈಗೆ ಬರುವ ಮೊದಲು ನನ್ನ ಕೈಗೆ ಬರುತ್ತದೆ." ಹದಿನೈದು ಸೆಕೆಂಡೂ ಹಿಡಿಯುವುದಿಲ್ಲ. ಹೆಸರು ಮೊದಲ ವಾಕ್ಯದಲ್ಲೇ ಇದೆ. ಅರ್ಥ ಅಲ್ಲಿಗೇ ನಿಲ್ಲದೆ ಕೆಲಸಕ್ಕೆ ಹೋಗಿ ಸೇರುತ್ತದೆ. ಹಾಗೆ ಸೇರದಿದ್ದರೆ ಅರ್ಥ ಬೇಡ. ಹೆಸರು ಯಾರು ಇಟ್ಟರು, ಯಾಕೆ ಇಟ್ಟರು ಅನ್ನುವುದನ್ನೇ ಒಂದು ವಾಕ್ಯದಲ್ಲಿ ಹೇಳಿದರೆ ಸಾಕು.

ಒಮ್ಮೆ ಆಸೆಬುರುಕತನ ಮಾಡಿ ಪೂರ್ತಿ ಕಥೆ ಹೇಳಿದೆ. ಮಹಾಭಾರತದಲ್ಲಿ ಅರುಣನ ತಾಯಿ ವಿನತೆ ಕಾಯಲಾರದೆ ಮೊಟ್ಟೆ ಒಡೆದಳು, ಅದಕ್ಕೇ ಅರುಣ ಅರ್ಧ ಬೆಳೆದ ಮೈಯಲ್ಲಿ ಹುಟ್ಟಿದ. ಅವಸರಕ್ಕೆ ಬಿಡುಗಡೆ ಮಾಡಿದ ಸಾಫ್ಟ್‌ವೇರ್‌ಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ! ಜನ ನಕ್ಕರು ಕೂಡ. ಆದರೆ ಎರಡು ನಿಮಿಷ ಹಿಡಿಯಿತು, ನನ್ನ ನಂತರ ಮಾತಾಡಬೇಕಿದ್ದವರು ಗಡಿಯಾರ ನೋಡುತ್ತಿದ್ದರು. ಆಮೇಲೆ ಸಿಕ್ಕವರಿಗೆ ಮೊಟ್ಟೆ ನೆನಪಿತ್ತು, ನನ್ನ ಕೆಲಸ ಏನೆಂದು ಗೊತ್ತಿರಲಿಲ್ಲ. ಈಗ ಆ ಕಥೆಯನ್ನು ಟೀ ಬಿಡುವಿಗೆ ಇಟ್ಟುಕೊಂಡಿದ್ದೇನೆ, ಯಾರಾದರೂ ಕೇಳಿದರೆ ಮಾತ್ರ.

ಚಿಕ್ಕ ಪರಿಚಯದಲ್ಲೂ ಒಂದು ತೊಂದರೆ ಉಳಿದಿತ್ತು. ಹೋದ ತಿಂಗಳು ಒಬ್ಬರು ದೂರದಿಂದಲೇ ಕೈಬೀಸಿ, "ಏನ್ ಸಾರಥಿ ಅವರೇ, ಹೊಸ ಆಪ್ ಬಂತಾ?" ಅಂದರು. ಕೆಲಸ ನೆನಪಿದೆ, ಹೆಸರು ಮಾತ್ರ ಮತ್ತೆ ಬೇರೆಯವರದ್ದು. ಅದಕ್ಕೇ ಈಗ ಕೊನೆಯಲ್ಲೂ ಒಂದು ಸಲ "ಅರುಣ್" ಅಂತ ಹೇಳಿಯೇ ಕೂರುತ್ತೇನೆ.