ಎಳನೀರು, ಕಬ್ಬಿನ ಹಾಲು, ಸ್ಪೋರ್ಟ್ಸ್ ಡ್ರಿಂಕ್: ಬಿಸಿಲಿನಲ್ಲಿ ಸೈಕಲ್ ತುಳಿಯುವವರ ಲೋಟದಲ್ಲಿ ಎಷ್ಟು ಸಕ್ಕರೆ?

ಕಳೆದ ಏಪ್ರಿಲ್‌ನಲ್ಲಿ ಬೆಳಿಗ್ಗೆ ಆರು ಗಂಟೆಗೆ ಮೈಸೂರಿನಿಂದ ಹೊರಟು, ಶ್ರೀರಂಗಪಟ್ಟಣ ದಾಟಿ ಮಂಡ್ಯ ತಲುಪಿದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ರಸ್ತೆ ಬದಿಯ ಗಾಣದಲ್ಲಿ ಐಸ್ ಹಾಕಿಸದೆ ಎರಡು ದೊಡ್ಡ ಲೋಟ ಕಬ್ಬಿನ ಹಾಲು ಕುಡಿದು, ಇನ್ನು ಮನೆಯವರೆಗೆ ಯೋಚನೆಯಿಲ್ಲ ಎಂದುಕೊಂಡು ಹಿಂತಿರುಗಿದೆ. ಹತ್ತು ಕಿಲೋಮೀಟರ್ ಕಳೆಯುವಷ್ಟರಲ್ಲಿ ಹೊಟ್ಟೆಯೊಳಗೆ ಕುಡಿದದ್ದೆಲ್ಲ ಕುಲುಕಾಡತೊಡಗಿತು. ಬಾಯಿ ಮಾತ್ರ ಒಣಗಿಯೇ ಇತ್ತು. ಹೊಟ್ಟೆ ತುಂಬಿದ್ದರೂ ಬಾಯಾರಿಕೆ ತೀರದ ಆ ಸ್ಥಿತಿಗೆ ಕಾರಣ ಲೋಟದೊಳಗಿನ ಲೆಕ್ಕದಲ್ಲಿತ್ತು.

250 ಮಿಲಿಲೀಟರಿನ ಲೋಟವನ್ನೇ ಅಳತೆಯಾಗಿ ಇಟ್ಟುಕೊಳ್ಳೋಣ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಪೋರ್ಟ್ಸ್ ಡ್ರಿಂಕ್‌ನಲ್ಲಿ ಶೇಕಡಾ 6ರಷ್ಟು ಕಾರ್ಬೋಹೈಡ್ರೇಟ್ ಇರುತ್ತದೆ, ಅಂದರೆ ಲೋಟಕ್ಕೆ 15 ಗ್ರಾಂ. ಎಳನೀರಿನಲ್ಲಿ ಅದು ಶೇಕಡಾ 4ರ ಆಸುಪಾಸು, ಲೋಟಕ್ಕೆ ಹೆಚ್ಚೆಂದರೆ 10 ಗ್ರಾಂ. ಕಬ್ಬಿನ ಹಾಲಿನಲ್ಲಿ ಕಬ್ಬಿನ ತಳಿ ಮತ್ತು ಬಲಿತ ಮಟ್ಟವನ್ನು ಅನುಸರಿಸಿ ಶೇಕಡಾ 13ರಿಂದ 17ರವರೆಗೂ ಇರಬಹುದು. ಶೇಕಡಾ 14 ಎಂದು ಹಿಡಿದರೂ ಲೋಟಕ್ಕೆ 35 ಗ್ರಾಂ ಆಗುತ್ತದೆ.

ಎರಡು ಗಂಟೆಗಿಂತ ಹೆಚ್ಚು ಹೊತ್ತು ಸೈಕಲ್ ತುಳಿಯುವವರಿಗೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕೆಂಬುದು ಕ್ರೀಡಾ ಪೋಷಣೆಯಲ್ಲಿ ಬಳಕೆಯಲ್ಲಿರುವ ಸಾಮಾನ್ಯ ಅಳತೆ. ಈ ದೃಷ್ಟಿಯಿಂದ ಮಾತ್ರ ನೋಡಿದರೆ ಕಬ್ಬಿನ ಹಾಲೇ ಗೆಲ್ಲಬೇಕು. ಆದರೆ ಬಿಸಿಲಿನಲ್ಲಿ ನಾವು ಕಳೆದುಕೊಳ್ಳುವುದು ಮುಖ್ಯವಾಗಿ ನೀರು ಮತ್ತು ಉಪ್ಪು. ಪಾನೀಯದಲ್ಲಿ ಸಕ್ಕರೆ ಸುಮಾರು ಶೇಕಡಾ 8ನ್ನು ಮೀರಿದಂತೆ ಅದು ಜಠರದಿಂದ ಕೆಳಗಿಳಿಯುವುದು ನಿಧಾನವಾಗುತ್ತದೆ. ರಕ್ತಕ್ಕಿಂತ ಗಾಢವಾದ ದ್ರವವು ಕರುಳನ್ನು ತಲುಪಿದಾಗ, ಮೊದಲು ದೇಹದ ನೀರನ್ನೇ ತನ್ನತ್ತ ಎಳೆದುಕೊಳ್ಳುತ್ತದೆ. ಬಿಸಿಲಿನಲ್ಲಿ ರಕ್ತವು ಚರ್ಮಕ್ಕೂ ಕಾಲಿನ ಸ್ನಾಯುಗಳಿಗೂ ಹೆಚ್ಚಾಗಿ ಹರಿದು ಕರುಳಿಗೆ ಕಡಿಮೆ ಸಿಗುವುದರಿಂದ ಈ ತೊಂದರೆ ಇನ್ನಷ್ಟು ಹೆಚ್ಚುತ್ತದೆ. ನಾನು ಅರ್ಧ ಲೀಟರಿನಲ್ಲಿ ಒಮ್ಮೆಗೇ 70 ಗ್ರಾಂ ಸಕ್ಕರೆ ಇಳಿಸಿದ್ದೆ.

ಹಾಗಾದರೆ ಎಳನೀರೇ ಸರಿಯೇ? ಎಳನೀರು ನಿಸರ್ಗವೇ ಕೊಟ್ಟ ಸ್ಪೋರ್ಟ್ಸ್ ಡ್ರಿಂಕ್ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗಂಟೆಗೆ 40 ಗ್ರಾಂ ಬೇಕೆಂದರೆ ಎಳನೀರನ್ನು ಗಂಟೆಗೆ ಒಂದು ಲೀಟರ್ ಕುಡಿಯಬೇಕಾಗುತ್ತದೆ, ನಾಲ್ಕು ಗಂಟೆಗೆ ನಾಲ್ಕು ಲೀಟರ್! ಅದರಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ, ಆದರೆ ಬೆವರಿನಲ್ಲಿ ಹೆಚ್ಚು ಹೋಗುವುದು ಸೋಡಿಯಂ. ಒಂದು ಗಂಟೆಯ ಸವಾರಿಗೆ, ಅಥವಾ ಮನೆಗೆ ಬಂದ ಮೇಲೆ ಉಪ್ಪಿಟ್ಟಿನ ಜೊತೆಗೆ, ಎಳನೀರಿಗಿಂತ ಹಿತವಾದದ್ದು ನನಗೆ ಬೇರೆ ಇಲ್ಲ. ದೀರ್ಘ ಸವಾರಿಯ ನಡುವೆ ಅದನ್ನು ಕುಡಿದರೆ, ಬಾಳೆಹಣ್ಣನ್ನೋ ಕಡಲೆಮಿಠಾಯಿಯನ್ನೋ ಜೊತೆಗೆ ತಿನ್ನಲೇಬೇಕು.

ಸ್ಪೋರ್ಟ್ಸ್ ಡ್ರಿಂಕ್‌ನ ಹೆಚ್ಚುಗಾರಿಕೆ ಇಷ್ಟೇ: ಗಂಟೆಗೆ ಮುಕ್ಕಾಲು ಲೀಟರ್‌ಗೆ ಸ್ವಲ್ಪ ಕಡಿಮೆ ಕುಡಿದರೆ ನೀರೂ ಸಕ್ಕರೆಯೂ ಒಟ್ಟಿಗೆ ಬೇಕಾದಷ್ಟು ಸಿಗುತ್ತವೆ. ಇದೇ ಪ್ರಮಾಣವನ್ನು ಕಬ್ಬಿನ ಹಾಲಿನಿಂದಲೂ ಪಡೆಯಬಹುದು. ಮುಂದಿನ ಭಾನುವಾರ ಅದೇ ಗಾಣದಲ್ಲಿ, 750 ಮಿಲಿಲೀಟರಿನ ನನ್ನ ಬಾಟಲಿಗೆ 300 ಮಿಲಿಲೀಟರ್ ಕಬ್ಬಿನ ಹಾಲು ಹಾಕಿಸಿ, ಉಳಿದದ್ದನ್ನು ನೀರಿನಿಂದ ತುಂಬಿ, ಮನೆಯಿಂದ ತೂಗಿ ಪೊಟ್ಟಣ ಕಟ್ಟಿ ತಂದಿದ್ದ ಒಂದು ಗ್ರಾಂ ಉಪ್ಪನ್ನೂ ಅರ್ಧ ನಿಂಬೆಹಣ್ಣಿನ ರಸವನ್ನೂ ಸೇರಿಸಿದೆ. ಸಕ್ಕರೆ 42 ಗ್ರಾಂ, ಅಂದರೆ ಶೇಕಡಾ 6ಕ್ಕೆ ತುಸು ಕಡಿಮೆ. ಉಪ್ಪಿನಿಂದ ಸುಮಾರು 390 ಮಿಲಿಗ್ರಾಂ ಸೋಡಿಯಂ. ಹದಿನೈದು ನಿಮಿಷಕ್ಕೊಮ್ಮೆ ಕೆಲವು ಗುಟುಕಿನಂತೆ ಕುಡಿದು ಶ್ರೀರಂಗಪಟ್ಟಣ ದಾಟುವವರೆಗೂ ಹೊಟ್ಟೆ ಸುಮ್ಮನಿತ್ತು. ಹೊರಡುವ ಮುನ್ನ ಮತ್ತು ಬಂದ ಕೂಡಲೇ ತೂಕ ನೋಡಿಕೊಂಡರೆ ನೀರು ಸಾಕಾಯಿತೇ ಎಂಬುದೂ ತಿಳಿಯುತ್ತದೆ. ಒಂದು ಕಿಲೋ ಇಳಿದಿದ್ದರೆ ಹೆಚ್ಚು ಕಡಿಮೆ ಒಂದು ಲೀಟರ್ ಬಾಕಿ ಎಂದರ್ಥ.

ಅಳೆಯುವಾಗ ಐಸ್ ಬೇಡವೆಂದು ಹೇಳುವುದು ಅಗತ್ಯ. ಅರ್ಧ ಲೋಟ ಐಸ್ ಇದ್ದರೆ ರಸವೂ ಅರ್ಧವೇ, ಲೆಕ್ಕವೂ ಅರ್ಧವೇ. ಮೇಲಾಗಿ ಐಸ್ ಯಾವ ನೀರಿನದೆಂದು ನಮಗೆ ಗೊತ್ತಿರುವುದಿಲ್ಲ. ಕಬ್ಬಿನ ಹಾಲು ಬಿಸಿಲಿನಲ್ಲಿ ಬೇಗನೆ ಕಪ್ಪಾಗಿ ಹುಳಿಯಾಗುವುದರಿಂದ, ಕಣ್ಣೆದುರೇ ಹಿಂಡಿಸಿಕೊಂಡು ಬೆರೆಸಿದ ಬಾಟಲಿಯನ್ನು ಒಂದು ಗಂಟೆಯೊಳಗೆ ಮುಗಿಸುತ್ತೇನೆ. ಮನೆಗೆ ಬಂದ ತಕ್ಷಣ ಬಾಟಲಿಯ ಮೂತಿಯನ್ನು ಬಿಚ್ಚಿ, ಬಿಸಿನೀರಿನಲ್ಲಿ ಬ್ರಷ್‌ನಿಂದ ಉಜ್ಜಿ ತೊಳೆಯುತ್ತೇನೆ. ಒಂದು ದಿನ ಹಾಗೆಯೇ ಬಿಟ್ಟರೆ ಅದರ ಸಂದಿಯಲ್ಲಿ ಉಳಿದ ರಸದ ಹುಳಿವಾಸನೆ ಮುಂದಿನ ವಾರದವರೆಗೂ ಹೋಗುವುದಿಲ್ಲ.