ಹಸಿರು ಚುಕ್ಕೆ ಇದೆಯಲ್ಲ, ಇನ್ನೇನು ಬೇಕು?

ನಿನ್ನೆ ಅಂಗಡಿಯಲ್ಲಿ ನಮ್ಮ ಬಡಾವಣೆಯ ಹಿರಿಯರೊಬ್ಬರು ಮೊಮ್ಮಗಳಿಗೆಂದು ಕೊಂಡ ರಾಗಿ ಬಿಸ್ಕತ್ತಿನ ಪೊಟ್ಟಣ ತೋರಿಸಿ ನನಗೇ ಪಾಠ ಹೇಳಿದರು. “ನೋಡಿ, ಹಸಿರು ಚುಕ್ಕೆ ಇದೆ, ಸರ್ಕಾರದ ಲೈಸೆನ್ಸ್ ನಂಬರ್ ಇದೆ, ನ್ಯಾಚುರಲ್ ಎಂದೂ ಬರೆದಿದೆ. ಇನ್ನೇನು ಬೇಕು?” ಬಿಸ್ಕತ್ತು ಪೊಟ್ಟಣಗಳ ಪ್ರೂಫ್ ತಿದ್ದಿ ತಿದ್ದಿಯೇ ನನ್ನ ತಲೆ ನರೆತದ್ದು ನಿಮಗೆಲ್ಲ ಗೊತ್ತು, ಪಾಪ, ಅವರಿಗೆ ಗೊತ್ತಿರಲಿಲ್ಲ.

ಪೊಟ್ಟಣ ತಿರುಗಿಸಿದೆ. ಮೈದಾ, ಸಕ್ಕರೆ, ತಾಳೆ ಎಣ್ಣೆ, ಆಮೇಲೆ ರಾಗಿ ಹಿಟ್ಟು ಶೇ. 9. ಯಾವುದು ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಅಂದರೆ ಸಕ್ಕರೆಯ ಪ್ರಮಾಣ ಮುದ್ರಿಸದಿದ್ದರೂ ಅದು ರಾಗಿಗಿಂತ ಹೆಚ್ಚೇ ಇದೆ. ಮುಂಭಾಗದಲ್ಲಿ ಮಾತ್ರ ಇಡೀ ರಾಗಿ ಹೊಲವೇ ತೂಗಾಡುತ್ತಿದೆ.

ಹಸಿರು ಚುಕ್ಕೆಯನ್ನು ಜನ ಆರೋಗ್ಯದ ಮುದ್ರೆ ಎಂದು ಯಾವಾಗ ನಂಬಿದರೋ ತಿಳಿಯದು. ಬರೀ ಸಕ್ಕರೆ ಮತ್ತು ಬಣ್ಣದ ಉಂಡೆಗೂ ಅದು ಸಿಗುತ್ತದೆ. ಒಳಗೆ ಮಾಂಸ, ಮೀನು, ಮೊಟ್ಟೆಯಂಥ ಪ್ರಾಣಿಮೂಲದ ಪದಾರ್ಥವಿಲ್ಲ ಎಂಬುದಷ್ಟೇ ಅದರ ಮಾತು. ಅಲ್ಲಿಯೂ ವಿನಾಯಿತಿಗಳಿವೆ: ಹಾಲು, ಜೇನುತುಪ್ಪ, ಜೇನುಮೇಣ, ಶೆಲ್ಲ್ಯಾಕ್. ಈ ಶೆಲ್ಲ್ಯಾಕ್ ಎಂದರೆ ಅರಗಿನ ಹುಳು ಸ್ರವಿಸುವ ಅಂಟು, ಪಾಂಡವರನ್ನು ಸುಡಲು ಮನೆ ಕಟ್ಟಿದರಲ್ಲ, ಅದೇ ಅರಗು. ಮಿಠಾಯಿಗೆ ಹೊಳಪು ಕೊಡಲು ಅದನ್ನು ಬಳಿಯುತ್ತಾರೆ, ಪಟ್ಟಿಯಲ್ಲಿ 904 ಎಂಬ ಸಂಖ್ಯೆಯಾಗಿ ಕೂರಬಹುದು. ಕಾನೂನಿನ ಪ್ರಕಾರ ಅದು ಸಸ್ಯಾಹಾರ. ಈರುಳ್ಳಿಯನ್ನೂ ಮುಟ್ಟದ ಕಟ್ಟುನಿಟ್ಟಿನವರು ಅದನ್ನು ಚೀಪುತ್ತಿರುವುದನ್ನು ಕಂಡಾಗ ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ. 631ರದು ಇನ್ನೊಂದು ಕಥೆ. ರುಚಿ ಹೆಚ್ಚಿಸುವ ಆ ಪುಡಿಯನ್ನು ಮೀನು, ಮಾಂಸದಿಂದಲೂ ತೆಗೆಯಬಹುದು, ಹುದುಗಿಸಿಯೂ ಮಾಡಬಹುದು. ಮೂಲ ಯಾವುದೆಂದು ಸಂಖ್ಯೆ ಹೇಳುವುದಿಲ್ಲ. ಬರೀ ಸಂಖ್ಯೆ ಸಾಲದು, ಮೂಲವನ್ನೂ ತಿಳಿಸಬೇಕೆಂದು 2021ರಲ್ಲಿ ದೆಹಲಿ ಹೈಕೋರ್ಟ್ ಹೇಳಬೇಕಾಯಿತು.

ಲೈಸೆನ್ಸ್ ನಂಬರಿನ ಮೇಲಿನ ಭಕ್ತಿಯಂತೂ ಇನ್ನೂ ವಿಚಿತ್ರ. ಅದು 14 ಅಂಕಿಗಳದು. ಮೊದಲ ಅಂಕಿ 1 ಆದರೆ ಲೈಸೆನ್ಸ್, 2 ಆದರೆ ಸಣ್ಣ ವ್ಯಾಪಾರಿಗಳ ನೋಂದಣಿ. ಮುಂದಿನೆರಡು ರಾಜ್ಯದವು, ನಮ್ಮ ಕರ್ನಾಟಕಕ್ಕೆ 12, ಕೇಂದ್ರದ ಲೈಸೆನ್ಸ್ ಆದರೆ 00. ಆನಂತರದ ಎರಡು ಅಂಕಿ ಮೊದಲು ಪಡೆದ ವರ್ಷ. ಹಿರಿಯರ ಪೊಟ್ಟಣದ ನಂಬರು 11219ರಿಂದ ಶುರುವಾಗಿತ್ತು: ಕರ್ನಾಟಕದ ಲೈಸೆನ್ಸ್, 2019ರದು. ವರ್ಷ ಕಳೆದರೂ ನಂಬರು ಬದಲಾಗುವುದಿಲ್ಲ, ಲೈಸೆನ್ಸ್ ರದ್ದಾದರೂ ಅದು ಪೊಟ್ಟಣದಿಂದ ತಾನಾಗಿ ಅಳಿಸಿಹೋಗುವುದಿಲ್ಲ. ಈ ಬಿಸ್ಕತ್ತನ್ನು ಯಾರೋ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದಾರೆ ಎಂಬ ಅರ್ಥ ಅದಕ್ಕೆ ಎಲ್ಲಿಯೂ ಇಲ್ಲ. ಇಂಥ ವಿಳಾಸದಲ್ಲಿ ಆಹಾರದ ವ್ಯವಹಾರ ನಡೆಸಲು ಇಂಥವರಿಗೆ ಅನುಮತಿ ಇದೆ, ಅಷ್ಟೆ. ಹಾಗೆಂದು ನಿರುಪಯೋಗಿಯಲ್ಲ. foscos.fssai.gov.in ತಾಣದಲ್ಲಿ ನಂಬರು ಹಾಕಿದರೆ ಅದು ಯಾರದು, ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ಹೆಸರು ಪೊಟ್ಟಣದ ಹೆಸರಿಗೆ ತಾಳೆಯಾಗದಿದ್ದರೆ ಆಗ ಅನುಮಾನಪಡಿ. ದೂರು ಕೊಡುವಾಗಲೂ ಆ ನಂಬರೇ ಬೇಕು.

“ಸಾಮಾನ್ಯರಿಗೆ ಇದನ್ನೆಲ್ಲ ಓದಲು ಪುರುಸೊತ್ತೆಲ್ಲಿದೆ?” ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ಬದನೆಕಾಯಿಯನ್ನು ಒಂದೊಂದಾಗಿ ತಿರುಗಿಸಿ ತೂತು ಹುಡುಕಲು ಪುರುಸೊತ್ತಿದೆಯಲ್ಲ! ಪೊಟ್ಟಣವನ್ನೂ ಒಮ್ಮೆ ತಿರುಗಿಸಿ. ಅಕ್ಷರ ಇರುವೆ ಸಾಲಿನಂತಿರುತ್ತದೆ ಎಂದರೆ ಒಪ್ಪುತ್ತೇನೆ, ಅದು ಬೇಕೆಂದೇ ಹಾಗಿರುತ್ತದೆ. ಅಂದಹಾಗೆ, ಇಷ್ಟೆಲ್ಲ ತಿಳಿದೂ ರಾತ್ರಿ ಹನ್ನೊಂದಕ್ಕೆ ಮಸಾಲೆ ಚಿಪ್ಸ್ ಹರಿದು ಕೂರುವವನು ನಾನು. ಆದರೆ ಅದನ್ನು ಆರೋಗ್ಯವೆಂದು ಯಾರಿಗೂ ಹಂಚುವುದಿಲ್ಲ.

ಇನ್ನು ಆ ‘ನ್ಯಾಚುರಲ್’. 2018ರ ಜಾಹೀರಾತು ನಿಯಮದಂತೆ, ಏನನ್ನೂ ಬೆರೆಸದ ಒಂಟಿ ಪದಾರ್ಥಕ್ಕೆ ಮಾತ್ರ ಆ ಪದ ಸಲ್ಲುತ್ತದೆ. ಹಲವು ಪದಾರ್ಥ ಸೇರಿದ ಬಿಸ್ಕತ್ತು ತನ್ನನ್ನು ಹಾಗೆ ಕರೆದುಕೊಳ್ಳುವಂತಿಲ್ಲ. ಎಲ್ಲ ಪದಾರ್ಥಗಳೂ ಆ ಷರತ್ತಿಗೆ ಒಪ್ಪಿದರೆ ‘ನೈಸರ್ಗಿಕ ಪದಾರ್ಥಗಳಿಂದ ಮಾಡಿದ್ದು’ ಎನ್ನಬಹುದು. ಹಾಗಾದರೆ ಈ ಪೊಟ್ಟಣದ ಮೇಲೆ ಅದು ಹೇಗೆ ಬಂತು? ಬ್ರ್ಯಾಂಡಿನ ಹೆಸರಾಗಿ ಬಂತು! ಹೆಸರಿನ ಪಕ್ಕ ಒಂದು ನಕ್ಷತ್ರ, ಕೆಳಗೆಲ್ಲೋ ‘ಇದು ಕೇವಲ ಬ್ರ್ಯಾಂಡ್ ಹೆಸರು, ಉತ್ಪನ್ನದ ನಿಜವಾದ ಗುಣವನ್ನು ಸೂಚಿಸುವುದಿಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲು. ಕಂಪನಿಯೇ ಕೈತೊಳೆದುಕೊಂಡು ಬರೆದುಕೊಟ್ಟ ಮುಚ್ಚಳಿಕೆ ಅದು. ಆ ಸಾಲಿನ ಅಕ್ಷರ ಕನಿಷ್ಠ 3 ಮಿಲಿಮೀಟರ್ ಇರಬೇಕು. ಪ್ರೂಫ್ ಬಂದಾಗಲೆಲ್ಲ ಸ್ಕೇಲು ಹಿಡಿದು ಅಳೆಯುತ್ತಿದ್ದವನು ನಾನೇ. 4 ಮಾಡಿದರೆ ಹೇಗೆ ಎಂದು ಮಾರ್ಕೆಟಿಂಗ್ ವಿಭಾಗದವರು ಒಮ್ಮೆಯೂ ಕೇಳಲಿಲ್ಲ.